ಎಂಟು ಸೆಕೆಂಡಿನ ಹೊಳೆ: ಲೂಪ್ ಆಗೋ ರೀಲ್‌ಗೆ ವ್ಯೂಸ್ ಹೇಗೆ ಬೀಳುತ್ತವೆ, ರೀಚ್ ಯಾಕೆ ಏರುತ್ತೆ?

ಇವತ್ತು ನನ್ನದೇ ಒಂದು ರೀಲ್ ತೆಗೆದುಕೊಂಡು ಮಾತಾಡ್ತೀನಿ. ಅದರ ಉದ್ದ ಎಂಟು ಸೆಕೆಂಡ್. ಅದರಿಂದ ನನಗೆ ಹೆಸರೂ ಬಂತು, ನಮ್ಮ ಕಾಕಾನ ಕೈಲಿ ಬೈಗುಳಾನೂ ಬಂತು. ಎರಡಕ್ಕೂ ಕಾರಣ ಒಂದೇ, ಆ ರೀಲ್ ಮುಗಿಯೋ ರೀತಿ.

ಜಾಗ ತಿಂಥಣಿ. ಸುರಪುರದಿಂದ ಲಿಂಗಸುಗೂರು ಕಡೆ ಹೋಗೋರಿಗೆ ಗೊತ್ತಿರುತ್ತೆ, ಮೌನೇಶ್ವರರ ಗುಡಿ ಇರೋ ಊರು, ಕೃಷ್ಣಾ ನದಿ ದಂಡೆ. ಅಲ್ಲಿನ ಬ್ರಿಜ್ ಅಂದ್ರೆ ನಮ್ಮ ಭಾಗದ ಹುಡುಗರಿಗೆ ಹೊರಾಂಗಣ ಸ್ಟುಡಿಯೋ ಇದ್ದ ಹಾಗೆ. ಮೇಲ್ಗಡೆ ನಾರಾಯಣಪುರದ ಬಸವಸಾಗರ ಡ್ಯಾಮಿನಿಂದ ನೀರು ಬಿಟ್ಟರು ಅಂದ್ರೆ ಸಾಕು, ಬೈಕು ಸಾಲಾಗಿ ನಿಲ್ತಾವೆ, ಫೋನು ಸಾಲಾಗಿ ಏಳ್ತಾವೆ. ಎರಡು ಮಳೆಗಾಲದ ಹಿಂದೆ ನಾನೂ ಒಂದು ಸಂಜೆ ಆ ಸಾಲಲ್ಲಿ ನಿಂತೆ.

ಮೊದಲು ಹಾಕಿದ ರೀಲ್ ಹನ್ನೆರಡು ಸೆಕೆಂಡ್ ಇತ್ತು. ಕೆಂಪಾದ ನೀರು ಹರೀತಾ ಇದೆ, ಹಿಂದೆ ನನ್ನ ದನಿ: "ಡ್ಯಾಮಿನ ಗೇಟ್ ತೆಗೆದಾರ. ಹೊಳಿ ದಂಡಿಗೆ ಯಾರೂ ದನಾ ಹೊಡಕೊಂಡು ಹೋಗಬ್ಯಾಡ್ರಿ. ಇದು ಇವತ್ತು ಸಂಜಿ ತೆಗೆದ ವಿಡಿಯೋ. ಎಲ್ಲರಿಗೂ ಶೇರ್ ಮಾಡ್ರಿ, ಧನ್ಯವಾದ." ಸಾವಿರದ ಆಸುಪಾಸು ವ್ಯೂಸ್ ಬಂತು, ಅಲ್ಲೇ ನಿಂತಿತು. ಮರುದಿನ ಅದನ್ನೇ ಕತ್ತರಿಸಿ ಎಂಟು ಸೆಕೆಂಡ್ ಮಾಡಿ ಮತ್ತೆ ಹಾಕಿದೆ. ಅದು ನಲವತ್ತು ಸಾವಿರ ದಾಟಿತು.

ನಲವತ್ತು ಸಾವಿರ ಜನ ನೋಡಿದ್ರು ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ. ಅದು ಸುಳ್ಳು. ಇನ್‌ಸೈಟ್ಸ್ ತೆಗೆದು ನೋಡಿದಾಗ `Views` ಎದುರು ನಲವತ್ತೊಂದು ಸಾವಿರ ಇತ್ತು, `Accounts reached` ಎದುರು ಹತ್ತೊಂಬತ್ತು ಸಾವಿರ. ಬಿಕಾಂ ಓದಿದವನು ನಾನು, ಇದನ್ನ ಮೊದಲೇ ಗಮನಿಸಬೇಕಿತ್ತು. ಚಹಾದ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಕಪ್ ಹೋಯ್ತು ಅನ್ನೋದು ಬೇರೆ, ಎಷ್ಟು ಜನ ಬಂದ್ರು ಅನ್ನೋದು ಬೇರೆ. ವ್ಯೂಸ್ ಅಂದ್ರೆ ಕಪ್, ರೀಚ್ ಅಂದ್ರೆ ಮಂದಿ. ಒಬ್ಬನೇ ಮೂರು ಕಪ್ ಕುಡಿದರೆ ಕಪ್ ಮೂರು, ಮನುಷ್ಯ ಒಬ್ಬನೇ.

ಹಾಗಾದ್ರೆ ಕಪ್ ಎಣಿಸೋದು ಹೇಗೆ? ಇನ್‌ಸ್ಟಾಗ್ರಾಂನಲ್ಲಿ ರೀಲ್ ಪ್ಲೇ ಆಗೋಕೆ ಶುರುವಾದರೆ ಒಂದು ವ್ಯೂ. ಮುಗಿದು ತಾನೇ ಮತ್ತೆ ಶುರುವಾದರೆ ಇನ್ನೊಂದು. 2024ರ ಆಗಸ್ಟ್‌ನಲ್ಲಿ ಕಂಪನಿ ಎಲ್ಲ ಥರದ ಪೋಸ್ಟ್‌ಗೂ ವ್ಯೂಸೇ ಮುಖ್ಯ ಅಳತೆ ಅಂತ ಮಾಡಿದಾಗಿಂದ ಈ ಸಂಖ್ಯೆಯೇ ಎಲ್ಲಕ್ಕಿಂತ ಮುಂದೆ ಕಾಣುತ್ತೆ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಮೊದಲು ಬೇರೆ ಲೆಕ್ಕ ಇತ್ತು, ಕೆಲವು ಸೆಕೆಂಡ್ ನೋಡಿದ್ರೆ ಮಾತ್ರ ವ್ಯೂ. 2025ರ ಮಾರ್ಚ್ 31ರಿಂದ ಅಲ್ಲೂ ಬದಲಾಯಿತು. ಶುರುವಾದರೂ ವ್ಯೂ, ಮತ್ತೆ ಶುರುವಾದರೂ ವ್ಯೂ, ಇಷ್ಟೇ ಹೊತ್ತು ನೋಡಬೇಕು ಅನ್ನೋ ಷರತ್ತಿಲ್ಲ. ಹಳೇ ಲೆಕ್ಕವನ್ನ `Engaged views` ಅನ್ನೋ ಹೆಸರಲ್ಲಿ ಅನಾಲಿಟಿಕ್ಸ್ ಒಳಗೆ ಉಳಿಸಿಕೊಂಡಿದ್ದಾರೆ. ದುಡ್ಡಿನ ವಿಷಯಕ್ಕೆ ಬಂದಾಗ ಯೂಟ್ಯೂಬ್ ನೋಡೋದು ಆ ಒಳಗಿನ ಸಂಖ್ಯೆಯನ್ನ, ಹೊರಗೆ ಕಾಣೋದನ್ನಲ್ಲ. ಶಾರ್ಟ್ಸ್ ಮಾಡೋ ಗೆಳೆಯರು ಇದನ್ನ ತಿಳ್ಕೊಂಡಿದ್ರೆ ಒಳ್ಳೇದು, ಆಮೇಲೆ "ವ್ಯೂಸ್ ಇಷ್ಟು, ರೊಕ್ಕ ಯಾಕೆ ಇಷ್ಟೇ" ಅಂತ ತಲೆ ಕೆಡಿಸ್ಕೊಳ್ಳೋದು ತಪ್ಪುತ್ತೆ.

ಇದೇನು ಹೊಸ ಆಟ ಅಲ್ಲ. 2013ರಲ್ಲಿ ಬಂದ ವೈನ್ ಅನ್ನೋ ಆ್ಯಪ್‌ನಲ್ಲಿ ಆರೇ ಸೆಕೆಂಡ್ ವಿಡಿಯೋ, ಸುತ್ತಿ ಸುತ್ತಿ ಬರ್ತಿತ್ತು. 2014ರಲ್ಲಿ ಅವರು ಪ್ರತಿ ವಿಡಿಯೋಗೂ ಎಷ್ಟು ಲೂಪ್ ಆಯ್ತು ಅಂತ ನೇರವಾಗಿ ತೋರಿಸೋಕೆ ಶುರು ಮಾಡಿದ್ರು. ಆ ಹೆಸರಾದ್ರೂ ಪ್ರಾಮಾಣಿಕವಾಗಿತ್ತು ಅನ್ನಿಸುತ್ತೆ ನನಗೆ. ಲೂಪ್ ಅಂದ್ರೆ ಲೂಪ್. ವ್ಯೂ ಅಂದಾಗ ನಮ್ಮ ತಲೆಯಲ್ಲಿ ಕೂರೋದು ಒಬ್ಬ ಮನುಷ್ಯ.

ಈಗ ನನ್ನ ಎರಡು ರೀಲ್‌ಗೆ ವಾಪಸ್ ಬರೋಣ. ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ, ಇದು ಅರ್ಥ ಆಗ್ಲಿ ಅಂತ ಇಟ್ಟುಕೊಂಡ ಸಂಖ್ಯೆ. ಎರಡನ್ನೂ ನೂರು ನೂರು ಜನರ ಫೋನಿಗೆ ಆ್ಯಪ್ ಕಳಿಸಿತು ಅಂತ ಇಟ್ಕೊಳ್ಳಿ.

ಹನ್ನೆರಡು ಸೆಕೆಂಡಿನದು ಮೊದಲು. ಮೂವತ್ತು ಜನ ಎರಡೇ ಸೆಕೆಂಡಿಗೆ ಮೇಲೆ ತಳ್ಳಿ ಮುಂದೆ ಹೋದ್ರು. ಅರವತ್ತು ಜನ ಎಂಟನೇ ಸೆಕೆಂಡ್ ತನಕ ಇದ್ರು. ಅಲ್ಲಿ ನನ್ನ ದನಿ ಇಳಿದು, ಹೇಳಬೇಕಾದ್ದು ಹೇಳಿಯಾಯ್ತು ಅನ್ನೋ ಧಾಟಿ ಬಂದ ತಕ್ಷಣ ಅವರೂ ಹೋದ್ರು. ಕೊನೆಯ ಹತ್ತು ಜನ ಪೂರ್ತಿ ನೋಡಿ, ಎರಡನೇ ಸುತ್ತು ಮೂರು ಸೆಕೆಂಡ್ ನೋಡಿ ಹೋದ್ರು. ಶುರುವಾದದ್ದನ್ನ ಎಣಿಸಿದ್ರೆ ನೂರು ಮತ್ತು ಹತ್ತು, ಒಟ್ಟು 110 ವ್ಯೂಸ್. ನೋಡಿದ ಹೊತ್ತು ಕೂಡಿಸಿದ್ರೆ 60, 480, 150, ಒಟ್ಟು 690 ಸೆಕೆಂಡ್. ತಲೆಗೆ 6.9 ಸೆಕೆಂಡ್.

ಈಗ ಎಂಟು ಸೆಕೆಂಡಿನದು. ಇದಕ್ಕೆ ಮುಕ್ತಾಯವೇ ಇಲ್ಲ. ನೀರು ಹರೀತಾನೇ ಇದೆ, ಮಾತು ಮುಗಿಯೋ ಮೊದಲೇ ಮತ್ತೆ ಶುರುವಾಗುತ್ತೆ. ಮೊದಲ ಮೂವತ್ತು ಜನ ಇಲ್ಲೂ ಎರಡು ಸೆಕೆಂಡಿಗೆ ಹೋದ್ರು. ಯಾಕಂದ್ರೆ ಕೊನೆ ಎಷ್ಟೇ ಚೆನ್ನಾಗಿರಲಿ, ಕೊನೆ ತನಕ ಬರದವನಿಗೆ ಅದು ಗೊತ್ತೇ ಆಗಲ್ಲ. ನಲವತ್ತು ಜನ ಒಂದು ಸುತ್ತು ಮುಗಿಸಿ, ಇದು ಶುರುವಿಗೇ ಬಂತಲ್ಲ ಅಂತ ತಿಳಿಯೋಷ್ಟರಲ್ಲಿ ಮೂರು ಸೆಕೆಂಡ್ ಹೆಚ್ಚು ನೋಡಿದ್ರು, ತಲಾ ಹನ್ನೊಂದು ಸೆಕೆಂಡ್. ಉಳಿದ ಮೂವತ್ತು ಜನ ಎರಡು ಸುತ್ತು ಪೂರ್ತಿ, ಮೂರನೆಯದು ಎರಡು ಸೆಕೆಂಡ್, ತಲಾ ಹದಿನೆಂಟು. ವ್ಯೂಸ್ ಎಷ್ಟಾಯ್ತು? ನೂರು, ಅದಕ್ಕೆ ನಲವತ್ತು, ಅದಕ್ಕೆ ಮೂವತ್ತರ ಎರಡು ಪಟ್ಟು ಅರವತ್ತು. ಒಟ್ಟು 200. ಸಮಯ 1,040 ಸೆಕೆಂಡ್, ತಲೆಗೆ 10.4. ಎಂಟು ಸೆಕೆಂಡಿನ ವಿಡಿಯೋವನ್ನ ಸರಾಸರಿ 10.4 ಸೆಕೆಂಡ್ ನೋಡಿದ್ರು, ಅಂದ್ರೆ ಶೇಕಡಾ 130.

ಗಮನಿಸಿ, ಎರಡೂ ಕಡೆ ಮನುಷ್ಯರು ನೂರೇ. ರೀಚ್ ಒಂದು ಇಂಚೂ ಅಲುಗಾಡಿಲ್ಲ. ವ್ಯೂಸ್ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟಾಯ್ತು. ಇದು ಬರೀ ಎಣಿಕೆಯ ಫಲ. ಇನ್ನೊಂದು ಮಾತು, ಆ ನಲವತ್ತು ಜನರಲ್ಲಿ ಎಷ್ಟೋ ಮಂದಿ ಎರಡನೇ ಸಲ ನೋಡಬೇಕು ಅಂತ ನೋಡಿದವರಲ್ಲ. ಹೆಬ್ಬೆಟ್ಟು ಏಳೋದು ತಡವಾಯ್ತು, ಅಷ್ಟೇ. ವಿಡಿಯೋ ತಾನೇ ತಿರುಗಿ ಶುರುವಾಗೋದು ಆ್ಯಪ್‌ನ ಪದ್ಧತಿ, ನಿಲ್ಲಿಸೋದು ನೋಡುವವನ ಕೆಲಸ. ಆ ಅರ್ಧ ಸೆಕೆಂಡಿನ ಆಲಸ್ಯಕ್ಕೂ ಒಂದು ವ್ಯೂ ಬೀಳುತ್ತೆ.

ಹಾಗಾದ್ರೆ ರೀಚ್ ಏರೋದು ಎಲ್ಲಿ? ನೂರಾ ಒಂದನೇ ಮನುಷ್ಯನ ಹತ್ತಿರ. ಈ ರೀಲ್‌ನ ಇನ್ನೂ ಹೊಸಬರಿಗೆ ತೋರಿಸಬೇಕಾ ಬೇಡ್ವಾ ಅಂತ ಆ್ಯಪ್ ತೀರ್ಮಾನ ಮಾಡುವಾಗ, ಈಗಾಗಲೇ ನೋಡಿದವರು ಏನು ಮಾಡಿದ್ರು ಅಂತ ನೋಡುತ್ತೆ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೇರಿ 2025ರ ಜನವರಿಯಲ್ಲಿ ಮೂರು ಮುಖ್ಯ ಸೂಚನೆಗಳ ಹೆಸರು ಹೇಳಿದ್ರು: ನೋಡಿದ ಸಮಯ, ರೀಚ್‌ಗೆ ಎಷ್ಟು ಲೈಕ್, ರೀಚ್‌ಗೆ ಎಷ್ಟು ಸೆಂಡ್. ನಮ್ಮನ್ನ ಫಾಲೋ ಮಾಡದವರ ತನಕ ಹೋಗೋಕೆ ಸೆಂಡ್ ಹೆಚ್ಚು ಮುಖ್ಯ ಅಂದ್ರು. ಇದರಲ್ಲಿ ಲೂಪ್ ಮುಟ್ಟೋದು ಮೊದಲನೆಯದನ್ನ ಮಾತ್ರ. ಇನ್‌ಸ್ಟಾಗ್ರಾಂ ಸರಾಸರಿ ಸಮಯ ಲೆಕ್ಕ ಹಾಕುವಾಗ ಮರುಪ್ಲೇ ಆದ ಹೊತ್ತನ್ನೂ ಸೇರಿಸಿದ ಒಟ್ಟು ಸಮಯವನ್ನ, ಮೊದಲ ಸಲದ ಪ್ಲೇಗಳಿಂದ ಮಾತ್ರ ಭಾಗಿಸುತ್ತೆ. ಅದಕ್ಕೇ 6.9 ಇದ್ದದ್ದು 10.4 ಆಗೋಕೆ ಸಾಧ್ಯ. ಆದರೆ ಲೈಕ್, ಸೆಂಡ್ ಎರಡಕ್ಕೂ ಕೆಳಗಿನ ಸಂಖ್ಯೆ ರೀಚ್, ಅಂದ್ರೆ ಮನುಷ್ಯರು. ಒಬ್ಬ ಹತ್ತು ಸಲ ನೋಡಿದ್ರೂ ಲೈಕ್ ಒಂದೇ. ಲೂಪ್ ಅಲ್ಲಿ ಸಹಾಯನೂ ಮಾಡಲ್ಲ, ಕೆಡಿಸೋದೂ ಇಲ್ಲ. ಹಾಗೇ, ನಿಮ್ಮದೇ ಫೋನಲ್ಲಿ ರಾತ್ರಿಯಿಡೀ ರೀಲ್ ತಿರುಗಿಸಿ ಇಟ್ಟು ಮಲಗೋರು ಇದ್ದೀರಲ್ಲ, ರೀಚ್‌ನಲ್ಲಿ ಅದು ಒಂದು ಅಕೌಂಟ್. ಚಾರ್ಜ್ ಹಾಳು.

ಇನ್ನು ಆ ಎಂಟು ಸೆಕೆಂಡ್ ಮಾಡಿದ್ದು ಹೇಗೆ? ಇದನ್ನ ಎಷ್ಟೋ ಜನ ಕೇಳಿದ್ರು. ಮೊದಲು ನಾನೂ ಎಲ್ಲರ ಹಾಗೆ ಮೊದಲ ಫ್ರೇಮು, ಕೊನೆ ಫ್ರೇಮು ಒಂದೇ ಥರ ಇರ್ಲಿ ಅಂತ ಕೈ ಅಲ್ಲಾಡಿಸದೆ ನಿಂತೆ. ಆಗಲಿಲ್ಲ. ನೀರು ಒಂದೇ ಥರ ನಿಲ್ಲುತ್ತಾ? ತೇಲಿ ಬರ್ತಿದ್ದ ಒಂದು ಕಟ್ಟಿಗೆ ತುಂಡು ಕೊನೆಯಲ್ಲಿ ಬಲಕ್ಕಿರುತ್ತೆ, ಲೂಪ್ ಆದ ತಕ್ಷಣ ಮಾಯ. ಕಣ್ಣಿಗೆ ಟಕ್ ಅಂತ ಹೊಡೆಯುತ್ತೆ, ನೋಡುವವನಿಗೆ ಮುಗೀತು ಅಂತ ಗೊತ್ತಾಗುತ್ತೆ.

ದಾರಿ ಸುಲಭ ಇದೆ, ಫೋನಿನ ಯಾವ ಎಡಿಟಿಂಗ್ ಆ್ಯಪ್‌ನಲ್ಲಾದ್ರೂ ಆಗುತ್ತೆ. ಎಂಟೂವರೆ ಸೆಕೆಂಡಿನ ಒಂದೇ ಶಾಟ್ ತಗೊಳ್ಳಿ. ಸರಿಯಾಗಿ ನಡುವೆ `Split` ಒತ್ತಿ. ಮೊದಲರ್ಧ, ಎರಡನೇ ಅರ್ಧ ಅಂತ ಎರಡು ತುಂಡಾಯ್ತು. ಈಗ ಜಾಗ ಅದಲು ಬದಲು ಮಾಡಿ, ಎರಡನೇ ಅರ್ಧ ಮೊದಲು, ಮೊದಲರ್ಧ ಆಮೇಲೆ. ಏನಾಯ್ತು ನೋಡ್ರಿ. ಈಗ ರೀಲ್ ಮುಗಿಯೋ ಫ್ರೇಮು ಅಂದ್ರೆ ನೀವು ಕತ್ತರಿಸಿದ ಜಾಗ. ಶುರುವಾಗೋ ಫ್ರೇಮೂ ಅದೇ ಕತ್ತರಿಸಿದ ಜಾಗದ ಆಚೆ ದಂಡೆ. ಕ್ಯಾಮೆರಾದಲ್ಲಿ ಅವೆರಡೂ ಒಂದರ ಹಿಂದೆ ಒಂದು ಬಂದವೇ, ಹಾಗಾಗಿ ಲೂಪ್ ಆಗುವಾಗ ನೀರು ಹರಿದ ಹಾಗೇ ಹರಿಯುತ್ತೆ. ಜೋಡಣೆಯ ಗಾಯ ಈಗ ರೀಲ್‌ನ ನಡುವಿಗೆ ಬಂತು. ಅಲ್ಲಿ ಅರ್ಧ ಸೆಕೆಂಡಿನ ಡಿಸಾಲ್ವ್ ಹಾಕಿ, ಒಂದರ ಮೇಲೊಂದು ಕರಗುತ್ತೆ, ಎಂಟೂವರೆ ಇದ್ದದ್ದು ಎಂಟಾಗುತ್ತೆ. ಇಲ್ಲಾಂದ್ರೆ ಅಲ್ಲಿ ಸೇತುವೆ ಮೇಲಿನ ಜನರದ್ದು ಒಂದು ಚಿಕ್ಕ ಶಾಟ್ ಇಟ್ಟು ಮುಚ್ಚಿ. ನಡುವಿನ ಕಟ್ ಯಾರಿಗೂ ಅನುಮಾನ ತರಲ್ಲ. ಕೊನೆಯ ಕಟ್ ಮಾತ್ರ "ಹೋಗ್ರಿ ಇನ್ನ" ಅಂತ ಹೇಳುತ್ತೆ.

ದೃಶ್ಯಕ್ಕಿಂತ ಹೆಚ್ಚು ಕೈಕೊಡೋದು ಸದ್ದು. ನೀರಿನ ಸದ್ದು ವಿಡಿಯೋ ಜೊತೆಗೇ ಕತ್ತರಿಸಿ ಅದಲು ಬದಲು ಆಗಿರಬೇಕು, ಆಗ ಅದೂ ಕೂಡಿಕೊಳ್ಳುತ್ತೆ. ಎಡಿಟಿಂಗ್ ಆ್ಯಪ್‌ನಲ್ಲಿ ಸದ್ದಿಗೆ ಕೊನೆಯಲ್ಲಿ ಫೇಡ್ ಹಾಕಿದ್ರಿ ಅಂದ್ರೆ ಕೆಟ್ಟಿತು, ಸದ್ದು ಇಳಿದದ್ದೇ ಮುಕ್ತಾಯದ ಗಂಟೆ. ಪರೀಕ್ಷೆ ಮಾಡೋದು ಹೇಗೆ? ಫೋನ್ ತಿರುವಿ ಇಟ್ಟು, ಕಣ್ಣು ಮುಚ್ಚಿ, ನಾಲ್ಕು ಸುತ್ತು ಬರೀ ಕೇಳಿ. ಎಲ್ಲಿ ಶುರು ಅಂತ ಬೆರಳು ತೋರಿಸೋಕೆ ಆಗ್ತಿದ್ರೆ ಇನ್ನೂ ಕೆಲಸ ಇದೆ.

ಆಮೇಲೆ ಮಾತು. ಇಲ್ಲಿ ನಮ್ಮ ಕನ್ನಡ ಒಂದು ಉಪಕಾರ ಮಾಡಿತು. ನಾವು ಕಾರಣವನ್ನ ಮುಂದೂ ಹೇಳ್ತೀವಿ, ಹಿಂದೂ ಹೇಳ್ತೀವಿ. ನಡುವೆ "ಯಾಕಂದ್ರ" ಅನ್ನೋ ಒಂದು ಕೊಂಡಿ ಸಾಕು. ನನ್ನ ಎಂಟು ಸೆಕೆಂಡಿನ ಮಾತು ಹೀಗಿತ್ತು: "ಡ್ಯಾಮಿನ ಗೇಟ್ ತೆಗೆದಾರ. ಹೊಳಿ ದಂಡಿಗೆ ಯಾರೂ ದನಾ ಹೊಡಕೊಂಡು ಹೋಗಬ್ಯಾಡ್ರಿ, ಯಾಕಂದ್ರ…" ಅಲ್ಲಿ ಕಟ್. ಮುಂದಿನ ಮಾತು ತಾನೇ ಬರುತ್ತೆ: "ಡ್ಯಾಮಿನ ಗೇಟ್ ತೆಗೆದಾರ." ಕೇಳುವವನು ಕಾರಣಕ್ಕೆ ಕಾಯ್ತಾ ಇರ್ತಾನೆ, ಕಾರಣ ಎರಡನೇ ಸುತ್ತಿನ ಮೊದಲ ವಾಕ್ಯದಲ್ಲಿ ಸಿಗುತ್ತೆ. ಒಂದೇ ಎಚ್ಚರಿಕೆ, "ಯಾಕಂದ್ರ" ಅನ್ನುವಾಗ ದನಿ ಕೆಳಗೆ ಇಳೀಬಾರದು. ನಾನು ಹನ್ನೊಂದು ಸಲ ರೆಕಾರ್ಡ್ ಮಾಡಿದೆ.

ಇಷ್ಟಾದ ಮೇಲೆ ನಲವತ್ತು ಸಾವಿರಕ್ಕೆ ಲೂಪ್ ಒಂದೇ ಕಾರಣ ಅಂತ ನಾನು ಹೇಳಲ್ಲ. ಎರಡನೇ ರೀಲ್ ಹಾಕಿದ ದಿನ ನೀರು ಇನ್ನೂ ಏರಿತ್ತು, ಎಲ್ಲರೂ ಹೊಳೆ ಸುದ್ದಿಯನ್ನೇ ಹುಡುಕ್ತಿದ್ರು. ಲೂಪ್ ಕೆಲಸ ಮಾಡಿದೆಯಾ ಅಂತ ತಿಳಿಯೋಕೆ ನಾನು ಎರಡು ಕಡೆ ನೋಡ್ತೀನಿ. ವ್ಯೂಸ್‌ನ ರೀಚ್‌ನಿಂದ ಭಾಗಿಸಿದ್ರೆ ನಲವತ್ತೊಂದು ಭಾಗಿಸು ಹತ್ತೊಂಬತ್ತು, ಎರಡಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಇದು ಒಂದೇ ಸಾಕಾಗಲ್ಲ, ಅದೇ ಮನುಷ್ಯ ನಾಳೆ ಮತ್ತೆ ಬಂದು ನೋಡಿದ್ರೂ ಈ ಸಂಖ್ಯೆ ಏರುತ್ತೆ. ಹಾಗಾಗಿ `Average watch time` ನೋಡಬೇಕು. ಅದು ರೀಲ್‌ನ ಉದ್ದ ದಾಟಿದೆ ಅಂದ್ರೆ ಜನ ಅಲ್ಲೇ ಕೂತು ಸುತ್ತು ಹಾಕಿದ್ದಾರೆ ಅಂತ ಅರ್ಥ. ಉದ್ದಕ್ಕಿಂತ ಬಹಳ ಕಮ್ಮಿ ಇದೆ ಅಂದ್ರೆ ಕೊನೆ ರಿಪೇರಿ ಮಾಡಿ ಪ್ರಯೋಜನ ಇಲ್ಲ, ಮೊದಲ ಎರಡು ಸೆಕೆಂಡ್ ರಿಪೇರಿ ಮಾಡಿ. ಒಂದೂವರೆ ನಿಮಿಷದ ವಿಡಿಯೋಗೂ ಈ ಲೂಪ್ ತಂತ್ರ ಅಂತ ಒದ್ದಾಡಬೇಡಿ. ಎಂಟು ಸೆಕೆಂಡನ್ನ ಇನ್ನೊಂದು ಸಲ ನೋಡೋಕೆ ಯಾರೂ ಯೋಚನೆ ಮಾಡಲ್ಲ, ತೊಂಬತ್ತು ಸೆಕೆಂಡಿಗೆ ಯೋಚನೆ ಮಾಡ್ತಾರೆ.

ಇನ್ನು ಬೈಗುಳದ ಕಥೆ. ಹನ್ನೆರಡು ಸೆಕೆಂಡನ್ನ ಎಂಟು ಮಾಡುವಾಗ ನಾನು ಕತ್ತರಿಸಿದ್ದು ಏನು ಅಂತ ನೆನಪು ಮಾಡ್ಕೊಳ್ಳಿ. ಶೇರ್ ಮಾಡ್ರಿ, ಧನ್ಯವಾದ. ಅದು ಹೋದ್ರೆ ನಷ್ಟ ಇಲ್ಲ. ಅದರ ಜೊತೆಗೇ ಹೋದದ್ದು, "ಇದು ಇವತ್ತು ಸಂಜಿ ತೆಗೆದ ವಿಡಿಯೋ" ಅನ್ನೋ ಮಾತು. ತಾರೀಖು ಬಾಯಲ್ಲೂ ಇಲ್ಲ, ಚಿತ್ರದ ಮೇಲೂ ಇಲ್ಲ. ಶುರುವೂ ಇಲ್ಲದ, ಕೊನೆಯೂ ಇಲ್ಲದ ನೀರು. ಅದು ಯಾವತ್ತಿನ ನೀರು ಬೇಕಾದ್ರೂ ಆಗಬಹುದಿತ್ತು.

ಮುಂದಿನ ಮಳೆಗಾಲದಲ್ಲಿ ಆಯ್ತು. ಯಾರೋ ಒಬ್ಬರು ಅದನ್ನ ಡೌನ್‌ಲೋಡ್ ಮಾಡಿ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದ್ರು, ಇನ್ನು ಕೆಲವರು ಲಿಂಕೇ ಕಳಿಸಿದ್ರು. ನನಗೆ ಕಂಡದ್ದು ಇಷ್ಟೇ, ಹಳೇ ರೀಲ್‌ಗೆ ಮತ್ತೆ ವ್ಯೂಸ್ ಏರ್ತಾ ಇದೆ, ಸೆಂಡ್ ಏರ್ತಾ ಇದೆ. ನಾನು ಖುಷಿಯಲ್ಲಿದ್ದೆ. ಈಗ ಯೋಚಿಸಿದ್ರೆ ಗೊತ್ತಾಗುತ್ತೆ, ಭಯಬಿದ್ದವರು ತಮ್ಮವರಿಗೆ ಕಳಿಸ್ತಾರೆ, ಕಳಿಸಿದಷ್ಟೂ ಆ್ಯಪ್ ಇದು ಒಳ್ಳೇ ರೀಲ್ ಅಂತ ತಿಳ್ಕೊಂಡು ಇನ್ನಷ್ಟು ಜನರ ಮುಂದೆ ಇಡುತ್ತೆ. ಸಂಜೆ ಚಿಗವ್ವನ ಫೋನ್ ಬಂತು. "ತಮ್ಮಾ, ಗೇಟ್ ತೆಗೆದಾರಂತಲ್ಲ, ನಿಮ್ಮ ಕಾಕಾ ಮೋಟಾರ್ ತೆಗಸಾಕ ಹೋಗ್ಯಾರ."

ಹೊಳೆ ದಂಡೆಯಲ್ಲಿ ಜಮೀನು ಇದ್ದೋರಿಗೆ ಇದರ ಅರ್ಥ ಗೊತ್ತು. ನೀರು ಬರೋ ಮೊದಲು ಪಂಪ್‌ಸೆಟ್ ಬಿಚ್ಚಿ, ಪೈಪ್ ಕಳಚಿ, ದಂಡೆ ಮೇಲೆ ಎಳೆದು ತರಬೇಕು. ಕಾಕಾ ಬಾಡಿಗೆಗೆ ಟ್ರ್ಯಾಕ್ಟರ್ ಕರ್ಕೊಂಡು, ಇಬ್ಬರು ಆಳು ಕರ್ಕೊಂಡು, ಮೋಟಾರ್ ಎಳೆಸಿದ್ರು. ಆ ದಿನ ಗೇಟ್ ತೆಗೆದೇ ಇರಲಿಲ್ಲ. ಭತ್ತಕ್ಕೆ ನೀರು ಬೇಕಾದ ಹೊತ್ತಲ್ಲಿ ಎರಡು ದಿನ ಮೋಟಾರ್ ದಂಡೆ ಮೇಲೆ ಕೂತಿತ್ತು. ಮರುದಿನ ಕಾಕಾ ನನ್ನ ಮುಂದೆ ಫೋನ್ ಹಿಡಿದು, ಆ ರೀಲ್ ಹಾಕಿ, ಏನೂ ಮಾತಾಡದೆ ನಾಲ್ಕೈದು ಸುತ್ತು ತಿರುಗಿಸಿದ್ರು. ಆಮೇಲೆ ಕೇಳಿದ್ರು, "ಇದು ಯಾವಾಗಿಂದೋ? ಇದರಾಗ ಎಲ್ಲಿ ಬರದೀದಿ ತೋರ್ಸು." ಉಳಿದದ್ದು ಪಾಡ್‌ಕಾಸ್ಟ್‌ನಲ್ಲಿ ಹೇಳೋ ಮಾತಲ್ಲ. ಟ್ರ್ಯಾಕ್ಟರ್ ಬಾಡಿಗೆ ನಾನು ಕೊಟ್ಟೆ.

ಆ ರೀಲ್ ಅವತ್ತೇ ಅಳಿಸಿದೆ. ವಾಟ್ಸಾಪ್‌ನಲ್ಲಿ ಓಡಾಡ್ತಿರೋದನ್ನ ಅಳಿಸೋಕೆ ನನ್ನಿಂದ ಆಗಲ್ಲ. ಲೂಪ್ ಮಾಡೋದು ಬಿಟ್ಟಿಲ್ಲ, ಮಾಡ್ತೀನಿ. ಆದರೆ ಈಗ ಹೊಳೆ, ಮಳೆ, ರಸ್ತೆ ಬಂದ್, ಇಂಥ ಯಾವ ವಿಡಿಯೋ ಇದ್ರೂ ಊರಿನ ಹೆಸರು ಮತ್ತು ತಾರೀಖನ್ನ ವಿಡಿಯೋ ಮೇಲೇ ಅಕ್ಷರದಲ್ಲಿ ಹಾಕ್ತೀನಿ, ಮೊದಲ ಫ್ರೇಮಿಂದ ಕೊನೆ ಫ್ರೇಮ್ ತನಕ ಒಂದೇ ಜಾಗದಲ್ಲಿ. ಕ್ಯಾಪ್ಷನ್‌ನಲ್ಲಿ ಹಾಕಿದ್ರೆ ಸಾಲದು, ಡೌನ್‌ಲೋಡ್ ಮಾಡಿದಾಗ ಕ್ಯಾಪ್ಷನ್ ಹಿಂದೆ ಉಳಿಯುತ್ತೆ. ಅಕ್ಷರ ಅಲುಗಾಡದೆ ಒಂದೇ ಕಡೆ ನಿಂತಿರೋದ್ರಿಂದ ಲೂಪ್‌ನ ಜೋಡಣೆಯೂ ಕೆಡಲ್ಲ. ಪರದೆಯ ತೀರಾ ಕೆಳಗೆ ಇಡಬೇಡಿ, ಅಲ್ಲಿ ಹೆಸರು, ಕ್ಯಾಪ್ಷನ್ ಬಂದು ಮುಚ್ಚುತ್ತೆ. ಬಲಗಡೆ ಲೈಕ್, ಶೇರ್ ಗುರುತು ಇರ್ತಾವೆ. ನಾನು ಎಡಗಡೆ, ನಡುವಿಗಿಂತ ಸ್ವಲ್ಪ ಮೇಲೆ ಇಡ್ತೀನಿ.

ಹೋದ ತಿಂಗಳು ತಿಂಥಣಿ ಬ್ರಿಜ್‌ದೇ ಇನ್ನೊಂದು ರೀಲ್ ಹಾಕಿದೆ, ಒಂಬತ್ತು ಸೆಕೆಂಡಿನದು, ತಾರೀಖು ಸಮೇತ. ಸರಾಸರಿ ಸಮಯ ಹತ್ತೂವರೆ ಸೆಕೆಂಡ್ ಬಂದಿದೆ. ಮೊದಲು ಕಳಿಸಿದ್ದು ಕಾಕಾಗೆ. ನೋಡಿದ್ದಾರೆ, ನೀಲಿ ಗುರುತು ಬಂದಿದೆ. ಇನ್ನೂ ಏನೂ ಹೇಳಿಲ್ಲ.